ರಿಸ್ಕ್ ಇದೆಯೆಂದು ಡಿಸ್ಕೌಂಟ್ ದರ ಏರಿಸುವ ಮುನ್ನ

ಮುಂದೆ ಬರುವ ಹಣಕ್ಕೆ ಇವತ್ತು ಎಷ್ಟು ಬೆಲೆ ಕಟ್ಟಬೇಕು ಎಂಬ ಲೆಕ್ಕದಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ತಡವರಿಸುತ್ತಾರೆ. ಹಣ ಖಂಡಿತ ಬರುತ್ತದೆ ಎಂದಾದರೆ ತೊಂದರೆಯಿಲ್ಲ. ಸರ್ಕಾರಿ ಬಾಂಡಿನ ಬಡ್ಡಿಯಷ್ಟು ದರ ಹಿಡಿದು ಹಿಂದಕ್ಕೆ ಎಣಿಸಿದರೆ ಮುಗಿಯಿತು. ಬರಬಹುದು, ಬರದೆಯೂ ಇರಬಹುದು ಎನ್ನುವ ಹಣವಾದರೆ? ಆಗ ಆಡಿಟರು, ಬ್ಯಾಂಕಿನವರು, ಬಿಕಾಂ ಓದುತ್ತಿರುವ ಮನೆಯ ಹುಡುಗ, ಎಲ್ಲರೂ ಹೇಳುವುದು ಒಂದೇ: ‘ರಿಸ್ಕ್ ಇದೆಯಲ್ಲ, ದರಕ್ಕೆ ಇನ್ನೊಂದು ಹತ್ತು ಪರ್ಸೆಂಟ್ ಸೇರಿಸಿಬಿಡಿ.’

ಹತ್ತೇ ಯಾಕೆ, ಎಂಟು ಯಾಕಾಗಬಾರದು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಅದು ಹಾಗಿರಲಿ. ಏರಿಸಿದ ದರ ಮೊದಲನೇ ವರ್ಷದ ಹಣದಲ್ಲಿ ರಿಸ್ಕಿನ ಹೆಸರಿನಲ್ಲಿ ಎಷ್ಟು ಮುರಿದುಕೊಳ್ಳುತ್ತದೆ, ಐದನೇ ವರ್ಷದ್ದರಲ್ಲಿ ಎಷ್ಟು, ಹತ್ತನೇ ವರ್ಷದ್ದರಲ್ಲಿ ಎಷ್ಟು ಎಂಬುದನ್ನು ದರ ಏರಿಸಿದವರೂ ನೋಡಿರುವುದಿಲ್ಲ. ನೋಡಿದರೆ ಬಹಳ ಸಲ ಅವರೇ ಒಪ್ಪುವುದಿಲ್ಲ. ಇದಕ್ಕೆ ಬದಲಾಗಿ ಇನ್ನೊಂದು ದಾರಿಯಿದೆ. ದರವನ್ನು ಮುಟ್ಟದೆ, ಅನುಮಾನದ ಹಣವನ್ನೇ ಮೊದಲು ಖಚಿತ ಹಣಕ್ಕೆ ಇಳಿಸಿಕೊಳ್ಳುವುದು. ವಾಣಿಜ್ಯ ಓದಿದವರಿಗೆ ಇದು ಸರ್ಟೆನ್ಟಿ ಈಕ್ವಿವಲೆಂಟ್ ವಿಧಾನವೆಂದು ಪರಿಚಿತ. ಇಲ್ಲಿ ಖಚಿತ ಸಮಾನ ಮೊತ್ತ ಎನ್ನೋಣ.

ಯೋಚನೆ ಹಳೆಯದು. ಜೂಜಿನ ಸರಾಸರಿ ಲಾಭ ಎಷ್ಟಿದೆಯೋ ಅಷ್ಟೇ ಬೆಲೆಯನ್ನು ಯಾರೂ ಅದಕ್ಕೆ ಕೊಡುವುದಿಲ್ಲ, ಕೊಡುವ ಬೆಲೆ ಆಡುವವನ ಆಸ್ತಿಯನ್ನು ಅವಲಂಬಿಸುತ್ತದೆ ಎಂದು ಡೇನಿಯಲ್ ಬರ್ನೂಲಿ 1738ರಲ್ಲೇ ವಾದಿಸಿದ್ದ. ಎಲ್ಲ ವರ್ಷಕ್ಕೂ ಒಂದೇ ಏರಿಸಿದ ದರ ಬಳಸಿದರೆ ಅದರ ಹಿಂದೆ ಯಾವ ಊಹೆ ಅಡಗಿರುತ್ತದೆ ಎಂದು ರೋಬಿಚೆಕ್ ಮತ್ತು ಮೈಯರ್ಸ್ 1966ರ ಲೇಖನವೊಂದರಲ್ಲಿ ತೋರಿಸಿದರು. ನ್ಯಾಯಬೆಲೆ ಕಟ್ಟುವ ನಮ್ಮ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 113ರಲ್ಲಿ ಎರಡೂ ವಿಧಾನಗಳಿಗೆ ಜಾಗವಿದೆ. ಇತಿಹಾಸ ಇಷ್ಟು ಸಾಕು, ತೋಟಕ್ಕೆ ಹೋಗೋಣ.

ಒಂದು ಮಾವಿನ ತೋಟದ ಲೆಕ್ಕ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ 8 ಎಕರೆ ತೋತಾಪುರಿ ತೋಟ ಐದು ವರ್ಷದ ಗುತ್ತಿಗೆಗೆ ಬಂದಿದೆ ಎಂದುಕೊಳ್ಳಿ. ಹಣ ಪೂರ್ತಿ ಮುಂಗಡ. ಈ ಜುಲೈನಲ್ಲಿ ಕೊಟ್ಟರೆ ಮೊದಲ ಫಸಲಿನ ಹಣ ಕೈಗೆ ಬರುವುದು ಮುಂದಿನ ಜುಲೈಗೆ. ಕರಾರಿನಲ್ಲಿ ಇನ್ನೊಂದು ಮಾತಿದೆ: ಐದನೇ ವರ್ಷದ ಕೊನೆಗೆ ಒಣಗಿದ ಮರಗಳ ಜಾಗದಲ್ಲಿ ಹೊಸ ಕಸಿಗಿಡ ನೆಟ್ಟು, ಕೊಂಬೆ ಸವರಿ, ಬೇಲಿ ಸರಿಮಾಡಿ ತೋಟ ಒಪ್ಪಿಸಬೇಕು. ಮಾಲೀಕರು ಕೇಳುತ್ತಿರುವುದು 12 ಲಕ್ಷ ರೂಪಾಯಿ. ಅಂಕಿಗಳೆಲ್ಲ ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ನಿಮ್ಮ ತೋಟಕ್ಕೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಉಳುಮೆ, ಗೊಬ್ಬರ, ಔಷಧಿ, ಕಾವಲು, ಕೊಯ್ಲು, ಸಾಗಣೆ, ಮಂಡಿ ಕಮಿಷನ್ ಎಲ್ಲ ಕಳೆದು ಒಳ್ಳೆಯ ವರ್ಷದಲ್ಲಿ 7 ಲಕ್ಷ ಉಳಿಯಬಹುದು, ಸಾಧಾರಣ ವರ್ಷದಲ್ಲಿ 4 ಲಕ್ಷ, ಕೆಟ್ಟ ವರ್ಷದಲ್ಲಿ 1 ಲಕ್ಷ. ಹತ್ತರಲ್ಲಿ ಮೂರು ವರ್ಷ ಒಳ್ಳೆಯದು, ನಾಲ್ಕು ಸಾಧಾರಣ, ಮೂರು ಕೆಟ್ಟದ್ದು ಎಂದಿಟ್ಟುಕೊಂಡರೆ ಸರಾಸರಿ 4 ಲಕ್ಷ. ತೋತಾಪುರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬೇರೆ ಕೆಲವು ತಳಿಗಳ ಹಾಗೆ ಒಂದು ವರ್ಷ ಬಿಟ್ಟು ಒಂದು ವರ್ಷ ಕೈಕೊಡುವ ಚಾಳಿ ಇದಕ್ಕೆ ಕಡಿಮೆ, ಹಾಗಾಗಿ ಎಲ್ಲ ವರ್ಷಕ್ಕೂ ಒಂದೇ ಸರಾಸರಿ ಹಿಡಿದರೆ ತೀರಾ ತಪ್ಪಾಗದು. ಬೆಲೆಯ ವಿಷಯ ಬೇರೆ. ತೋತಾಪುರಿ ಹೆಚ್ಚಾಗಿ ಹೋಗುವುದು ತಿರುಳು ತೆಗೆಯುವ ಕಾರ್ಖಾನೆಗಳಿಗೆ, ಅವುಗಳಲ್ಲಿ ಬಹಳಷ್ಟು ಇರುವುದು ಗಡಿಯಾಚೆ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿದಾಗ ಕೋಲಾರದ ಬೆಳೆಗಾರರ ಪಾಡು ಏನಾಯಿತೆಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಕೆಟ್ಟ ವರ್ಷಕ್ಕೆ ಹತ್ತರಲ್ಲಿ ಮೂರು ಪಾಲು ಕೊಟ್ಟಿರುವುದು ಇದನ್ನೆಲ್ಲ ನೆನಪಿಟ್ಟುಕೊಂಡೇ.

ದರ ಏರಿಸಿದಾಗ ಒಳಗೆ ನಡೆಯುವುದೇನು?

ಡಿಸ್ಕೌಂಟ್ ದರದ ಮೂಲ ಕೆಲಸ ಕಾಯುವುದಕ್ಕೆ ಬೆಲೆ ಕಟ್ಟುವುದು. ಇವತ್ತಿನ ನೂರು ರೂಪಾಯಿ ಶೇ 7ರ ಬಾಂಡಿನಲ್ಲಿ ವರ್ಷಕ್ಕೆ 107 ಆಗುತ್ತದೆ. ಆದ್ದರಿಂದ ವರ್ಷದ ಮೇಲೆ ಖಚಿತವಾಗಿ ಬರುವ 107ಕ್ಕೆ ಇವತ್ತಿನ ಬೆಲೆ ನೂರು. ಕಾದಷ್ಟೂ ಬಡ್ಡಿಯ ಮೇಲೆ ಬಡ್ಡಿ ಕೂಡುತ್ತದೆ, ಸರಿಯೇ. ಇದೇ ದರವನ್ನು ಶೇ 18ಕ್ಕೆ ಏರಿಸಿದಾಗ ಅದರ ತಲೆಯ ಮೇಲೆ ರಿಸ್ಕಿಗೆ ಬೆಲೆ ಕಟ್ಟುವ ಎರಡನೇ ಕೆಲಸವನ್ನೂ ಹೊರಿಸಿದಿರಿ. ಆಗ ರಿಸ್ಕಿನ ಕಡಿತವೂ ಚಕ್ರಬಡ್ಡಿಯಂತೆ ವರ್ಷದಿಂದ ವರ್ಷಕ್ಕೆ ಬೆಳೆಯತೊಡಗುತ್ತದೆ, ನೀವು ಕೇಳಿರಲಿ ಬಿಡಲಿ.

ಅದು ಎಷ್ಟು ಬೆಳೆಯುತ್ತದೆಂದು ತಿಳಿಯಲು ಒಂದು ಸೂತ್ರ ಸಾಕು. r ಎಂದರೆ ಅಪಾಯವಿಲ್ಲದ ದರ, k ಎಂದರೆ ನೀವು ಏರಿಸಿದ ದರ, t ಎಂದರೆ ಎಷ್ಟನೇ ವರ್ಷ ಎಂಬುದು:

```
ಗುಣಕ = ((1 + r) / (1 + k))^t
```

ಗುಣಕ 0.91 ಎಂದರೆ, ಅನುಮಾನದ ಒಂದು ರೂಪಾಯಿಯನ್ನು ಅದೇ ದಿನ ಕೈಗೆ ಬರುವ ಖಚಿತ 91 ಪೈಸೆಗೆ ಸಮ ಎಂದು ಎಣಿಸಿದಂತೆ. ನಮ್ಮ ತೋಟಕ್ಕೆ r ಶೇ 7, k ಶೇ 18. ಮೊದಲ ವರ್ಷಕ್ಕೆ ಈ ಸೂತ್ರ ಕೊಡುವುದು 0.91. ಐದನೇ ವರ್ಷಕ್ಕೆ 0.61. ಹತ್ತನೇ ವರ್ಷದವರೆಗೆ ಹೋದರೆ 0.38.

ಈ ಅಂಕಿಗಳನ್ನು ತೋಟಕ್ಕೆ ಹಿಡಿದು ನೋಡಿ. ಏಪ್ರಿಲ್‌ನ ಆಲಿಕಲ್ಲು ಮಳೆ ಬರುವ ವರ್ಷಕ್ಕೂ ಬೀಳಬಹುದು, ಐದನೇ ವರ್ಷಕ್ಕೂ ಬೀಳಬಹುದು. ಹೂವಿನ ಹೊತ್ತಿಗೆ ಜಿಗಿಹುಳು, ಬೂದಿರೋಗ ಬರುವ ಸಂಭವ ಎರಡು ವರ್ಷದಲ್ಲೂ ಹೆಚ್ಚುಕಡಿಮೆ ಒಂದೇ. ಹೋದ ವರ್ಷ ಆಲಿಕಲ್ಲು ಬಿತ್ತೆಂದು ಈ ವರ್ಷದ ಫಸಲು ಅಲ್ಲಿಂದ ಕೆಳಕ್ಕೆ ಶುರುವಾಗುವುದಿಲ್ಲ. ಮರ ಮತ್ತೆ ಹೊಸದಾಗಿ ಹೂ ಬಿಡುತ್ತದೆ. ಹಾಗಿದ್ದರೆ ಮೊದಲ ವರ್ಷದ ಫಸಲಿಗೆ ರಿಸ್ಕಿನ ಕಡಿತ ಬರೀ 9 ಪೈಸೆ, ಐದನೇ ವರ್ಷದ್ದಕ್ಕೆ 39 ಪೈಸೆ ಎನ್ನುವುದಕ್ಕೆ ಯಾವ ಆಧಾರ? ಮೊದಲ ವರ್ಷದಲ್ಲೇ ಹತ್ತರಲ್ಲಿ ಮೂರು ಪಾಲು ಸಂಭವದೊಂದಿಗೆ 4 ಲಕ್ಷದ ಜಾಗದಲ್ಲಿ 1 ಲಕ್ಷ ಸಿಗುವ ವ್ಯಾಪಾರಕ್ಕೆ 9 ಪೈಸೆ ತೀರಾ ಕಡಿಮೆಯಾಯಿತು.

ಖಚಿತ ಸಮಾನ ಮೊತ್ತ: ಲೆಕ್ಕ ಹಾಕುವ ಕ್ರಮ

1. ಮೊದಲು ಸರಾಸರಿ ಬರೆಯಿರಿ. ಮೇಲೆ ಮಾಡಿದಂತೆ ಒಳ್ಳೆಯ, ಸಾಧಾರಣ, ಕೆಟ್ಟ ವರ್ಷಗಳಿಗೆ ಮೊತ್ತ ಮತ್ತು ಸಂಭವ ಹಾಕಿ ಪ್ರತಿ ವರ್ಷದ ಸರಾಸರಿ ತೆಗೆಯಿರಿ. ಇದರಲ್ಲಿ ಹೆದರಿಕೆಯೂ ಬೇಡ, ಆಸೆಯೂ ಬೇಡ. ಆ ವರ್ಷ ಇರಬಹುದಾದ ಬೆಲೆಯಲ್ಲೇ ಬರೆಯಿರಿ, ಏಕೆಂದರೆ ಬಾಂಡಿನ ಶೇ 7ರಲ್ಲಿ ಹಣದುಬ್ಬರವೂ ಸೇರಿದೆ.

2. ಆಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ‘ಆ ವರ್ಷದ ಫಸಲಿನಿಂದ ಬರುವುದನ್ನೆಲ್ಲ ಬಿಟ್ಟುಕೊಟ್ಟರೆ ಅದೇ ಜುಲೈನಲ್ಲಿ ಖಚಿತವಾಗಿ ಇಷ್ಟು ಕೊಡುತ್ತೇನೆ ಎಂದರೆ ಒಪ್ಪುತ್ತೇನೆಯೇ?’ 3.8 ಲಕ್ಷದಿಂದ ಶುರುಮಾಡಿ. ಸಂತೋಷವಾಗಿ ಒಪ್ಪುವಿರಾದರೆ ಇಳಿಸಿ. 3.5ಕ್ಕೂ ಒಪ್ಪಿಗೆ. 3 ಎಂದಾಗ ‘ಬೇಡ, ನಾನೇ ನೋಡಿಕೊಳ್ಳುತ್ತೇನೆ’ ಅನ್ನಿಸಿತು. 3.2ರಲ್ಲಿ ಯಾವುದಾದರೂ ಆಗಬಹುದು ಎಂಬ ಸ್ಥಿತಿ. ಆ 3.2 ಲಕ್ಷವೇ 4 ಲಕ್ಷದ ಸರಾಸರಿಗೆ ನಿಮ್ಮ ಖಚಿತ ಸಮಾನ ಮೊತ್ತ. ಗುಣಕ 0.80.

3. ಇದೇ ಪ್ರಶ್ನೆಯನ್ನು ಉಳಿದ ವರ್ಷಗಳಿಗೂ ಒಂದೊಂದಾಗಿ ಕೇಳಿ. ಈ ತೋಟದ ರಿಸ್ಕ್ ವರ್ಷ ವರ್ಷಕ್ಕೆ ಹೊಸದಾಗಿ ಹುಟ್ಟುವಂಥದ್ದಾದ್ದರಿಂದ ಐದೂ ವರ್ಷಕ್ಕೆ 0.80 ಇಡಬಹುದು.

4. ಖರ್ಚಿನ ಸಾಲಿಗೆ ಪ್ರಶ್ನೆ ತಿರುಗಿಸಿ: ‘ಈ ಖರ್ಚಿನ ಹೊಣೆಯನ್ನು ಬೇರೊಬ್ಬರು ಪೂರ್ತಿ ಹೊತ್ತುಕೊಂಡರೆ ಅವರಿಗೆ ಹೆಚ್ಚೆಂದರೆ ಎಷ್ಟು ಕೊಟ್ಟೇನು?’ ತೋಟ ಒಪ್ಪಿಸುವ ಕೆಲಸಕ್ಕೆ ಸರಾಸರಿ 2 ಲಕ್ಷ ಎಂದು ಅಂದಾಜಿದೆ. ಎಷ್ಟು ಮರ ಒಣಗುತ್ತವೋ, ಆಗ ಕೂಲಿ ಎಷ್ಟಿರುತ್ತದೋ ಗೊತ್ತಿಲ್ಲ. ಆ ತಲೆನೋವು ಹೋಗುವುದಾದರೆ 2.4 ಲಕ್ಷ ಕೊಡಬಹುದು ಅನ್ನಿಸಿದರೆ ಗುಣಕ 1.20. ಆದಾಯದ ಗುಣಕ ಒಂದಕ್ಕಿಂತ ಕಡಿಮೆ, ಇಂಥ ಖರ್ಚಿನ ಗುಣಕ ಒಂದಕ್ಕಿಂತ ಹೆಚ್ಚು.

5. ಹೀಗೆ ಸಿಕ್ಕ ಖಚಿತ ಮೊತ್ತಗಳನ್ನು ಅಪಾಯವಿಲ್ಲದ ದರದಲ್ಲಿ, ಅದರಲ್ಲಿ ಮಾತ್ರ, ಇವತ್ತಿಗೆ ತನ್ನಿ. ಅಷ್ಟೇ ಅವಧಿಯ ಕೇಂದ್ರ ಸರ್ಕಾರದ ಬಾಂಡಿನ ಆದಾಯ ಈ ದರಕ್ಕೆ ಒಳ್ಳೆಯ ಅಳತೆ. ಬ್ಯಾಂಕ್ ಠೇವಣಿಯ ಬಡ್ಡಿ ಹಿಡಿಯುವುದಾದರೆ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ವಿಮೆಯಿರುವುದು 5 ಲಕ್ಷದವರೆಗೆ ಮಾತ್ರ ಎಂಬುದು ನೆನಪಿರಲಿ.

ಎಕ್ಸೆಲ್‌ನಲ್ಲಿ ಮಾಡುವವರು A ಕಾಲಮ್ಮಿನಲ್ಲಿ ವರ್ಷ, Bಯಲ್ಲಿ ಸರಾಸರಿ, ಖರ್ಚಾದರೆ ಮೈನಸ್ ಹಾಕಿ, Cಯಲ್ಲಿ ಗುಣಕ, F1ರಲ್ಲಿ ದರ ಇಟ್ಟು, D2ರಲ್ಲಿ ಇಷ್ಟು ಬರೆದು ಕೆಳಗಿನ ಸಾಲುಗಳಿಗೂ ಎಳೆದು ಕೂಡಿದರೆ ಸಾಕು:

```
=B2*C2/(1+$F$1)^A2
```

ಉತ್ತರ ನೋಡೋಣ. ವರ್ಷಕ್ಕೆ 3.2 ಲಕ್ಷದಂತೆ ಐದು ವರ್ಷ, ಶೇ 7ರಲ್ಲಿ: 13.12 ಲಕ್ಷ. ಕೊನೆಯ ಖರ್ಚು 2.4 ಲಕ್ಷದ ಇಂದಿನ ಮೌಲ್ಯ 1.71 ಲಕ್ಷ. ಕಳೆದರೆ 11.41 ಲಕ್ಷ. ಮಾಲೀಕರು ಕೇಳುವ 12 ಲಕ್ಷ ಹೆಚ್ಚಾಯಿತು. ಚೌಕಾಸಿ ಮಾಡಿ ಹನ್ನೊಂದೂಕಾಲಿಗೆ ಇಳಿಸಿದರೆ ಹಿಡಿಯಬಹುದು.

ಅದೇ ತೋಟ, ಶೇ 18ರ ದರ

ದರ ಏರಿಸುವವರ ಲೆಕ್ಕದಲ್ಲಿ 4 ಲಕ್ಷದಂತೆ ಐದು ವರ್ಷ, ಶೇ 18ರಲ್ಲಿ 12.51 ಲಕ್ಷ. ಕೊನೆಯ 2 ಲಕ್ಷದ ಖರ್ಚು 0.87 ಲಕ್ಷ. ಉಳಿದದ್ದು 11.63 ಲಕ್ಷ. ‘ಅಲ್ಲಾ ಸ್ವಾಮಿ, ಎರಡೂ ಹೆಚ್ಚುಕಡಿಮೆ ಒಂದೇ ಬಂತಲ್ಲ, ಇಷ್ಟಕ್ಕೆ ಇಷ್ಟೆಲ್ಲ ಯಾಕೆ?’ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಈ ಪಟ್ಟಿಯಲ್ಲಿದೆ:

| ವರ್ಷ | ಶೇ 18ರೊಳಗೆ ಅಡಗಿರುವ ಗುಣಕ | ಯೋಚಿಸಿ ಹಾಕಿದ ಗುಣಕ | 0.80ಕ್ಕೆ ಸರಿಹೊಂದುವ ದರ |
|---|---|---|---|
| 1 | 0.91 | 0.80 | ಶೇ 33.8 |
| 2 | 0.82 | 0.80 | ಶೇ 19.6 |
| 3 | 0.75 | 0.80 | ಶೇ 15.3 |
| 4 | 0.68 | 0.80 | ಶೇ 13.1 |
| 5 | 0.61 | 0.80 | ಶೇ 11.9 |

ಮೊದಲೆರಡು ವರ್ಷ ಶೇ 18ರ ದರ ರಿಸ್ಕನ್ನು ಕಡಿಮೆ ಎಣಿಸಿತು, ಮುಂದಿನ ಮೂರು ವರ್ಷ ಹೆಚ್ಚು ಎಣಿಸಿತು, ಕೊನೆಯ ಖರ್ಚನ್ನು ಸಣ್ಣದು ಮಾಡಿತು. ತಪ್ಪುಗಳು ಒಂದಕ್ಕೊಂದು ವಜಾ ಆಗಿ ಉತ್ತರ ಹತ್ತಿರ ಬಂದು ನಿಂತಿದೆ. ಐದು ವರ್ಷದ ಗುತ್ತಿಗೆಗೆ ಹೊಂದಿದ್ದು ಕಾಕತಾಳೀಯ. ಅವಧಿ ಬದಲಾಯಿಸಿದ ಕೂಡಲೇ ಬಣ್ಣ ಬಯಲಾಗುತ್ತದೆ.

ಮಾಲೀಕರು ಮನಸ್ಸು ಬದಲಿಸಿ, ‘ಒಂದೇ ವರ್ಷಕ್ಕೆ ಕೊಡುತ್ತೇನೆ, 3.2 ಲಕ್ಷ ಈಗಲೇ ಕೊಡಿ, ತೋಟ ಸರಿಮಾಡುವ ಕೆಲಸ ಬೇಡ’ ಎಂದರೆನ್ನಿ. ಶೇ 18ರ ಲೆಕ್ಕದಲ್ಲಿ ಆ ಒಂದು ಫಸಲಿಗೆ ಇವತ್ತು 3.39 ಲಕ್ಷ ಕೊಡಬಹುದು. ಹಾಗಾಗಿ ‘ಹಿಡಿಯಿರಿ’ ಎನ್ನುತ್ತದೆ. ಖಚಿತ ಸಮಾನ ಮೊತ್ತದ ಲೆಕ್ಕದಲ್ಲಿ 3.2 ಲಕ್ಷದ ಇಂದಿನ ಮೌಲ್ಯ 2.99 ಲಕ್ಷ, ಅಷ್ಟಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಬಾರದು. ಮಾವು ಹಿಡಿದು ಕೈಸುಟ್ಟುಕೊಂಡವರಲ್ಲಿ ಒಂದೇ ಫಸಲಿನ ಗುತ್ತಿಗೆಯವರು ಯಾಕೆ ಇರುತ್ತಾರೆ ಎಂಬುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಗುಮಾನಿ.

ಈಗ ಎದುರು ತುದಿ. ಹತ್ತು ವರ್ಷಕ್ಕೆ 20 ಲಕ್ಷ, ತೋಟ ಒಪ್ಪಿಸುವ ಖರ್ಚು ಹತ್ತನೇ ವರ್ಷದ ಕೊನೆಗೆ. ಶೇ 18ರ ಲೆಕ್ಕ 17.59 ಲಕ್ಷ ಹೇಳಿ ‘ಬಿಡಿ’ ಎನ್ನುತ್ತದೆ. ಹತ್ತೂ ವರ್ಷಕ್ಕೆ 0.80 ಇಟ್ಟರೆ ಸಿಗುವುದು 21.26 ಲಕ್ಷ. ಆದರೆ ಇಲ್ಲಿ ಅವಸರ ಬೇಡ. ಹತ್ತು ವರ್ಷದಲ್ಲಿ ಮಾಲೀಕರ ಮನೆಯಲ್ಲಿ ಪಾಲಾಗಬಹುದು, ತೋಟದ ನಡುವೆ ರಸ್ತೆಗೆ ಜಾಗ ಹೋಗಬಹುದು, ಕಾರ್ಖಾನೆಗಳು ಬೇರೆ ತಳಿಯ ಕಡೆ ತಿರುಗಬಹುದು. ಇವು ಆಲಿಕಲ್ಲಿನಂಥವಲ್ಲ, ಒಮ್ಮೆ ಆದರೆ ಉಳಿದ ವರ್ಷಗಳೂ ಹೋದಂತೆ. ಆದ್ದರಿಂದ ಆರನೇ ವರ್ಷದಿಂದ ಗುಣಕವನ್ನು 0.70ಕ್ಕೆ ಇಳಿಸಿ. ಉತ್ತರ 20.09 ಲಕ್ಷ. 0.65ಕ್ಕೆ ಇಳಿಸಿದರೆ 19.50 ಲಕ್ಷ. ಅಂದರೆ ತಕರಾರೆಲ್ಲ ಒಂದೇ ಪ್ರಶ್ನೆಗೆ ಬಂದು ನಿಂತಿತು: ಆರರಿಂದ ಹತ್ತನೇ ವರ್ಷದ ಫಸಲಿನ ಒಂದು ರೂಪಾಯಿಯನ್ನು ನೀವು ಖಚಿತ 69 ಪೈಸೆಗಿಂತ ಹೆಚ್ಚೆಂದು ನಂಬುತ್ತೀರಾ, ಇಲ್ಲವಾ? ಇದನ್ನು ಮಾಲೀಕರ ಪತ್ರಗಳನ್ನು, ಪಹಣಿಯನ್ನು ನೋಡಿ ಮನೆಯಲ್ಲಿ ಕೂತು ಚರ್ಚಿಸಬಹುದು. ‘ಶೇ 18ರ ಬದಲು ಶೇ 16 ಹಾಕೋಣವೇ’ ಎಂಬುದನ್ನು ಚರ್ಚಿಸಲು ಅಂಥ ಯಾವ ಹಿಡಿಕೆಯೂ ಇಲ್ಲ. ಈ ವಿಧಾನವನ್ನು ನಾನು ಮೆಚ್ಚುವುದು ಉತ್ತರದ ನಿಖರತೆಗಿಂತ ಹೆಚ್ಚಾಗಿ ಈ ಕಾರಣಕ್ಕೆ.

ಎಚ್ಚರ: ಕೊನೆಯಲ್ಲಿ ಖರ್ಚು ಇರುವ ಕಡೆ

ಏರಿಸಿದ ದರ ಅತಿ ಕೆಟ್ಟದಾಗಿ ದಾರಿ ತಪ್ಪಿಸುವುದು ಖರ್ಚಿನ ಸಾಲಿನಲ್ಲಿ. ನಮ್ಮ ತೋಟದ 2 ಲಕ್ಷದ ಖರ್ಚನ್ನೇ ನೋಡಿ. ಐದನೇ ವರ್ಷದ ಗುಣಕ 0.61 ಅದಕ್ಕೂ ತಗುಲಿ, ಎಷ್ಟಾಗುತ್ತದೋ ಗೊತ್ತಿಲ್ಲದ 2 ಲಕ್ಷವನ್ನು ಖಚಿತವಾದ 1.23 ಲಕ್ಷಕ್ಕೆ ಸಮ ಮಾಡಿಬಿಟ್ಟಿತು. ಖರ್ಚು ಅನುಮಾನದ್ದಾದಷ್ಟೂ ಹಗುರ ಎಂದಂತಾಯಿತು! ಇನ್ನೂ ರಿಸ್ಕ್ ಇದೆಯೆಂದು ದರವನ್ನು ಶೇ 25 ಮಾಡಿದರೆ ಆ ಖರ್ಚು ಇನ್ನೂ ಸಣ್ಣದಾಗುತ್ತದೆ. ಕಲ್ಲುಗಣಿ ಮುಗಿದ ಮೇಲೆ ಗುಂಡಿಗೆ ಬೇಲಿ ಹಾಕಿ ನೆಲ ಸರಿಪಡಿಸುವ ಖರ್ಚು, ಬಾಡಿಗೆ ಶೆಡ್ಡನ್ನು ಮೊದಲಿನಂತೆ ಮಾಡಿ ಬಿಟ್ಟುಕೊಡುವ ಖರ್ಚು, ಕೆಲಸಗಾರರಿಗೆ ಮುಂದೆ ಕೊಡಬೇಕಾದ ಗ್ರಾಚ್ಯುಟಿ, ಇಂಥವು ಇರುವ ಲೆಕ್ಕದಲ್ಲಿ ದರ ಏರಿಸಿ ‘ಜಾಗ್ರತೆ ವಹಿಸಿದೆ’ ಎಂದುಕೊಂಡವರು ನಿಜವಾಗಿ ಉಲ್ಟಾ ಕೆಲಸ ಮಾಡಿರುತ್ತಾರೆ.

ಇದಕ್ಕೊಂದು ವಿನಾಯಿತಿ ಇದೆ. ಆದಾಯ ಹೆಚ್ಚಾದಾಗ ಮಾತ್ರ ಹೆಚ್ಚಾಗುವ ಖರ್ಚು, ಉದಾಹರಣೆಗೆ ಫಸಲು ಚೆನ್ನಾಗಿದ್ದಾಗ ಏರುವ ಕೊಯ್ಲಿನ ಕೂಲಿ, ಲಾಭನಷ್ಟದ ಏರಿಳಿತವನ್ನು ತಗ್ಗಿಸುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಅಂಥ ಖರ್ಚಿಗೆ 1ಕ್ಕಿಂತ ಹೆಚ್ಚಿನ ಗುಣಕ ಬೇಡ. ಅದನ್ನು ಆಯಾ ವರ್ಷದ ಆದಾಯದಲ್ಲೇ ಕಳೆದು ಉಳಿದದ್ದಕ್ಕೆ ಗುಣಕ ಹಾಕುವುದು ಸರಳ. ಮೇಲೆ ನಾವು ಮಾಡಿದ್ದೂ ಹಾಗೆಯೇ.

ಗುಣಕ ಎಲ್ಲಿಂದ ತರುವುದು?

‘3.2 ಲಕ್ಷ ಎಂದು ನನಗೆ ಅನ್ನಿಸಿತು’ ಎಂಬುದು ಸ್ವಂತ ದುಡ್ಡು ಹಾಕುವವರಿಗೆ ಸಾಕು. ಪಾಲುದಾರರಿಗೆ ತೋರಿಸಬೇಕಾದಾಗ ಹೊರಗಿನ ಆಧಾರ ಬೇಕು. ಮಾವಿನ ಸೀಮೆಯಲ್ಲಿ ಅದು ಊರಲ್ಲೇ ಇದೆ. ಹೂವು ಕಚ್ಚುವ ಹೊತ್ತಿಗೆ ತೋಟ ನೋಡಿ, ಇಡೀ ಫಸಲಿಗೆ ಒಂದೇ ಮೊತ್ತ ಹೇಳಿ ಹಿಡಿಯುವ ವ್ಯಾಪಾರಿಗಳಿದ್ದಾರೆ. ಅಡಿಕೆಯಲ್ಲಿ ಇದನ್ನೇ ಖೇಣಿ, ಚೇಣಿ ಎಂದೆಲ್ಲ ಕರೆಯುತ್ತಾರೆ. ವ್ಯಾಪಾರಿ ಹೇಳುವ ಆ ಮೊತ್ತ ಅನುಮಾನದ ಫಸಲಿಗೆ ಪೇಟೆ ಕಟ್ಟಿದ ಖಚಿತ ಬೆಲೆ.

ಹಾಗೆಂದು ಅದನ್ನು ನೇರವಾಗಿ ಎತ್ತಿಕೊಳ್ಳಬೇಡಿ. ಫೆಬ್ರವರಿಯಲ್ಲಿ ವ್ಯಾಪಾರಿ 3.6 ಲಕ್ಷ ಕೊಡುತ್ತಾರೆ, ಅಷ್ಟರಲ್ಲಿ ಉಳುಮೆ, ಗೊಬ್ಬರ, ಮೊದಲ ಔಷಧಿಗೆ ನಿಮ್ಮ ಕೈಯಿಂದ 50 ಸಾವಿರ ಹೋಗಿದೆ ಎನ್ನಿ. 3.6 ಲಕ್ಷವನ್ನು ಐದು ತಿಂಗಳ ಬಡ್ಡಿ ಸೇರಿಸಿ ಜುಲೈಗೆ ತಂದರೆ 3.7 ಲಕ್ಷ, ಖರ್ಚು ಕಳೆದರೆ 3.2 ಲಕ್ಷದ ಆಸುಪಾಸು. ನಿಮ್ಮ 0.80 ಊರಿನ ಬೆಲೆಗೆ ಹೊಂದುತ್ತದೆ ಎಂದಾಯಿತು. ಇದರಲ್ಲೂ ಎರಡು ಎಳೆತಗಳಿವೆ. ವ್ಯಾಪಾರಿಯ ಲಾಭ ಅದರಲ್ಲಿ ಕಳೆದುಹೋಗಿದೆ, ಆ ಮಟ್ಟಿಗೆ ನಿಜವಾದ ಗುಣಕ ಸ್ವಲ್ಪ ಮೇಲಿರಬೇಕು. ಆದರೆ ಅವರು ಬೆಲೆ ಹೇಳಿದ್ದು ಹೂವನ್ನು ಕಣ್ಣಾರೆ ಕಂಡ ಮೇಲೆ. ಹಿಂದಿನ ಜುಲೈನಲ್ಲಿ ನಿಂತು ನೋಡುವ ನಿಮಗೆ ಅದೂ ಗೊತ್ತಿಲ್ಲ, ಆ ಮಟ್ಟಿಗೆ ಕೆಳಗಿರಬೇಕು.

ಕಾಫಿ ಬೆಳೆದು ರಫ್ತು ಮಾಡುವವರಿಗೆ ಕೆಲಸ ಇನ್ನೂ ಸುಲಭ. ಲಂಡನ್ನಿನ ರೊಬಸ್ಟಾ ವಾಯಿದೆ ಬೆಲೆ ಮತ್ತು ಬ್ಯಾಂಕು ಇವತ್ತೇ ಬರೆದುಕೊಡುವ ಮುಂಗಡ ಡಾಲರ್ ದರ, ಎರಡೂ ಪೇಟೆಯ ಖಚಿತ ಬೆಲೆಗಳೇ. ಆ ಬೆಲೆಯಲ್ಲಿ ಲೆಕ್ಕ ಹಾಕಿದ ಮೇಲೆ ಬೆಲೆಯ ರಿಸ್ಕಿಗೆಂದು ಮತ್ತೆ ಏನನ್ನೂ ಕಳೆಯಬೇಕಿಲ್ಲ. ಉಳಿಯುವುದು ಹೆಚ್ಚಾಗಿ ಇಳುವರಿಯ ರಿಸ್ಕ್.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಎರಡು ಸಲ ಕತ್ತರಿ.* ಗುಣಕ ಹಾಕಿ ಇಳಿಸಿದ 3.2 ಲಕ್ಷವನ್ನು ಮತ್ತೆ ಶೇ 18ರಲ್ಲಿ ಡಿಸ್ಕೌಂಟ್ ಮಾಡುವುದು. ಪರೀಕ್ಷೆಯಲ್ಲಿ ಅಂಕ ಹೋಗುವುದೂ ಇಲ್ಲೇ. ನಮ್ಮ ತೋಟಕ್ಕೆ ಹೀಗೆ ಮಾಡಿದರೆ ಉತ್ತರ 8.96 ಲಕ್ಷ, ಹನ್ನೊಂದೂಕಾಲಿಗೆ ಸಿಗಬಹುದಾಗಿದ್ದ ತೋಟ ಕೈತಪ್ಪಿತು. ಒಂದೇ ರಿಸ್ಕನ್ನು ಎರಡು ಕಡೆ ಎಣಿಸಬಾರದೆಂದು ಲೆಕ್ಕಪತ್ರ ಮಾನದಂಡಗಳೂ ಹೇಳುತ್ತವೆ.

*ಸರಾಸರಿಯ ಜಾಗದಲ್ಲಿ ಒಳ್ಳೆಯ ವರ್ಷದ ಅಂಕಿ.* 7 ಲಕ್ಷಕ್ಕೆ 0.80 ಹಾಕಿ 5.6 ಲಕ್ಷ ಬರೆದುಕೊಂಡರೆ, ಸರಾಸರಿಗಿಂತಲೂ ಹೆಚ್ಚಿನದನ್ನು ಖಚಿತ ಎಂದಂತಾಯಿತು. ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಬರುವ ಮಾರಾಟದ ಅಂಕಿ ಹೆಚ್ಚಾಗಿ ಇಂಥದ್ದೇ. ಯಾವ ಅಂಕಿಗೆ ಗುಣಕ ಹಾಕುತ್ತಿದ್ದೇನೆ ಎಂದು ಮೊದಲು ಕೇಳಿಕೊಳ್ಳಿ.

*ಇವತ್ತಿನ ಹಣದೊಂದಿಗೆ ಹೋಲಿಕೆ.* ಖಚಿತ ಮೊತ್ತದ ಪ್ರಶ್ನೆ ಕೇಳುವಾಗ ಎರಡೂ ಹಣ ಒಂದೇ ದಿನ ಕೈಗೆ ಬರಬೇಕು. ‘ಈಗಲೇ ಎಷ್ಟು ಕೊಟ್ಟರೆ ಬಿಟ್ಟುಕೊಡುತ್ತೀಯ’ ಎಂದು ಕೇಳಿದರೆ ಉತ್ತರದಲ್ಲಿ ಕಾಯುವುದರ ಬೆಲೆಯೂ ಸೇರಿಕೊಂಡುಬಿಡುತ್ತದೆ. ಆಮೇಲೆ ಶೇ 7ರಲ್ಲಿ ಇನ್ನೊಮ್ಮೆ ಕಳೆಯುತ್ತೀರಿ.

*ಒಂದೊಂದು ವರ್ಷವನ್ನೂ ಒಂಟಿಯಾಗಿ ನೋಡಿ ಹೆದರುವುದು.* ಐದು ಫಸಲುಗಳಲ್ಲಿ ಒಂದು ಕೆಟ್ಟರೆ ಇನ್ನೊಂದು ಸರಿದೂಗಿಸಬಹುದು. ಒಂದು ಕೆಟ್ಟ ವರ್ಷ ತಡೆದುಕೊಳ್ಳುವ ಶಕ್ತಿಯಿದ್ದರೆ, ಹವಾಮಾನದ ರಿಸ್ಕಿಗೆ ಹಾಕುವ ಕಡಿತ ಅಷ್ಟು ದೊಡ್ಡದಿರಬೇಕಿಲ್ಲ. ಬೆಲೆಯ ರಿಸ್ಕ್ ಹಾಗಲ್ಲ. ಕಾರ್ಖಾನೆಗಳು ಖರೀದಿ ನಿಲ್ಲಿಸಿದರೆ ಎರಡು ಮೂರು ವರ್ಷ ಒಟ್ಟಿಗೇ ಹಾಳಾಗಬಹುದು. ಮನೆಯಲ್ಲಿ ಬೇರೆ ಸಂಬಳವಿರುವವರ ಗುಣಕವೂ ಈ ತೋಟವೇ ಗತಿ ಎನ್ನುವವರ ಗುಣಕವೂ ಬೇರೆಯೇ ಇರುತ್ತವೆ, ಇರಬೇಕು.

*ಸಾಲದ ಬಡ್ಡಿಯ ಗೊಂದಲ.* ಪುಸ್ತಕದಲ್ಲಿ ಅಪಾಯವಿಲ್ಲದ ದರ ಎಂದರೆ ಬಾಂಡಿನ ದರ. ಆದರೆ ನಿಮ್ಮ ತಲೆಯ ಮೇಲೆ ಈಗಾಗಲೇ ಶೇ 12ರ ಸಾಲವಿದ್ದರೆ, ಕೈಗೆ ಬರುವ ಖಚಿತ ಹಣದಿಂದ ನೀವು ಮಾಡಬಹುದಾದ ಉತ್ತಮ ಕೆಲಸ ಆ ಸಾಲ ತೀರಿಸುವುದು. ಆಗ ನಿಮ್ಮ ಮಟ್ಟಿಗೆ ಕಾಯುವುದರ ಬೆಲೆ ಶೇ 12. ಖಚಿತ ಮೊತ್ತಗಳನ್ನು ಅದರಲ್ಲೇ ಇವತ್ತಿಗೆ ತರುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ. ಇದು ರಿಸ್ಕಿಗಾಗಿ ಏರಿಸಿದ ದರವಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ದರ ಏರಿಸುವುದೇ ಸರಿ ಎನ್ನುವ ಸಂದರ್ಭ

ಅನುಮಾನ ವರ್ಷದಿಂದ ವರ್ಷಕ್ಕೆ ಒಂದರ ಮೇಲೊಂದು ಒಂದೇ ವೇಗದಲ್ಲಿ ಪೇರಿಕೊಳ್ಳುತ್ತಾ ಹೋಗುವ ಕಡೆ ಏರಿಸಿದ ಒಂದೇ ದರ ತಪ್ಪಲ್ಲ. ಹೋಟೆಲು, ಬಟ್ಟೆ ಅಂಗಡಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಈ ವರ್ಷದ ಗಿರಾಕಿ ಬಳಗ ಎಲ್ಲಿಗೆ ಮುಟ್ಟಿತೋ ಅಲ್ಲಿಂದಲೇ ಮುಂದಿನ ವರ್ಷ ಶುರು. ಬಿದ್ದರೆ ಬಿದ್ದಲ್ಲಿಂದ, ಎದ್ದರೆ ಎದ್ದಲ್ಲಿಂದ. ಅಲ್ಲಿ ಹತ್ತನೇ ವರ್ಷದ ಹಣ ಮೊದಲ ವರ್ಷದ್ದಕ್ಕಿಂತ ನಿಜಕ್ಕೂ ಬಹಳ ಮಸುಕು, ಗುಣಕ ಇಳಿಯುತ್ತಾ ಹೋಗುವುದು ಸಹಜ. ಅದೇ ಬಗೆಯ ಕಂಪನಿಗಳ ಷೇರು ಪೇಟೆಯಲ್ಲಿ ಓಡಾಡುತ್ತಿದ್ದರೆ, ಹೂಡಿಕೆದಾರರು ಎಷ್ಟು ಆದಾಯ ಬಯಸುತ್ತಾರೆ ಎಂಬುದನ್ನು ಅಲ್ಲಿಂದ ಅಂದಾಜಿಸಬಹುದು. ಸಾವಿರಾರು ಷೇರುದಾರರನ್ನು ಒಬ್ಬೊಬ್ಬರಾಗಿ ‘ನಿಮ್ಮ ಖಚಿತ ಮೊತ್ತ ಎಷ್ಟು’ ಎಂದು ಕೇಳಲು ಆಗುವುದಿಲ್ಲ. ದೊಡ್ಡ ಕಂಪನಿಗಳು ದರದ ದಾರಿ ಹಿಡಿದಿರುವುದರಲ್ಲಿ ಈ ಅನುಕೂಲವೂ ಸೇರಿದೆ.

ಬೋರ್‌ವೆಲ್ ನಂಬಿ ಮಾಡುವ ತೋಟ ಇದಕ್ಕೆ ತದ್ವಿರುದ್ಧ. ಅಲ್ಲಿ ದೊಡ್ಡ ಅನುಮಾನ ಕೊರೆದ ದಿನವೇ ತೀರುತ್ತದೆ: ನೀರು ಬಿತ್ತು ಅಥವಾ ಬೀಳಲಿಲ್ಲ. ಬಿದ್ದರೂ ಮುಂದೆ ಬತ್ತಬಹುದು, ಅದು ಬೇರೆ ಲೆಕ್ಕ. ಕೊರೆಯುವ ದಿನದ ರಿಸ್ಕಿಗೆಂದು ಇಪ್ಪತ್ತು ವರ್ಷದ ಫಸಲಿಗೆಲ್ಲ ಶೇ 25ರ ದರ ಹಾಕುವ ಬದಲು, ಮೊದಲು ನೀರು ಬೀಳುವ ಸಂಭವವನ್ನು ಬರೆದು ಲೆಕ್ಕವನ್ನು ಎರಡು ಕವಲಾಗಿ ಒಡೆಯಿರಿ. ಬೀಳದಿದ್ದರೆ ಹೋಗುವುದು ಕೊರೆಸಿದ ಖರ್ಚು ಮಾತ್ರ. ಗಿಡ, ಡ್ರಿಪ್ಪು, ಬೇಲಿಗೆ ಇನ್ನೂ ಹಣ ಹಾಕಿರುವುದಿಲ್ಲ. ಬಿದ್ದ ಕವಲಿನ ಫಸಲುಗಳಿಗೆ ಮಾತ್ರ ಗುಣಕ ಹಾಕಿ.

ಯಾರಾದರೂ ಏರಿಸಿದ ದರದ ಲೆಕ್ಕ ಹಿಡಿದು ನಿಮ್ಮ ಮುಂದೆ ಬಂದರೆ ವಾದಕ್ಕೆ ಇಳಿಯಬೇಕಿಲ್ಲ. ಅವರ ದರವನ್ನು ಮೇಲಿನ ಸೂತ್ರಕ್ಕೆ ಹಾಕಿ ಮೊದಲ, ಐದನೇ, ಕೊನೆಯ ವರ್ಷದ ಗುಣಕ ತೆಗೆದು ಅವರ ಕೈಗೆ ಕೊಡಿ, ಖರ್ಚಿನ ಸಾಲುಗಳಿಗೆ ಗುರುತು ಹಾಕಿ. ಆ ಅಂಕಿಗಳಿಗೆ ಅವರು ಕಾರಣ ಹೇಳಬಲ್ಲರಾದರೆ ಅವರ ದರವನ್ನೇ ಇಟ್ಟುಕೊಳ್ಳಬಹುದು.